ಮಗಳು ಕಾಲೇಜು ಮುಟ್ಟಿದ ಮೇಲೂ ನಿಲ್ಲದ ಚಿಂತೆ

ಗದಗಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗಳು ಹುಬ್ಬಳ್ಳಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಸ್ಸು ಅಣ್ಣಿಗೇರಿ ದಾಟುವ ಹೊತ್ತಿಗೆ ಅವ್ವನ ಮೊದಲ ಫೋನ್. "ಎಲ್ಲಿ ಅದೀ?" ಹುಬ್ಬಳ್ಳಿಯಲ್ಲಿ ಇಳಿದಾಗ ಇನ್ನೊಂದು. "ಮುಟ್ಟಿದೇನವ್ವಾ?" "ಮುಟ್ಟೇನಿ ಅವ್ವಾ, ಕ್ಲಾಸಿಗೆ ಹೊಂಟೇನಿ." ಹತ್ತು ನಿಮಿಷಕ್ಕೆ ಮತ್ತೆ ಒಂದು. ಈ ಅವ್ವ ಯಾರೋ ಒಬ್ಬಳಲ್ಲ. ಹಲವು ಮನೆಗಳಲ್ಲಿ ಕಾಣುವುದನ್ನು ಸೇರಿಸಿ ಬರೆದ ಚಿತ್ರ ಇದು.

ಇದೇ ಅವ್ವ ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಒಂದು ಸಂಜೆ ಜೋರು ಮಳೆ ಬಂದು ಬಸ್ಸು ತಡವಾಗಿತ್ತು. ಎದೆ ಡವಡವ ಎಂದಿತು, ಎರಡು ಸಲ ಫೋನ್ ಮಾಡಿದಳು, ಬಾಗಿಲಲ್ಲೇ ನಿಂತಳು. ಮಗಳು ನೆನೆದುಕೊಂಡು ಬಂದಳು. ತಲೆ ಒರೆಸಿ, ಚಹಾ ಕೊಟ್ಟು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಇದು ಚಿಂತೆ. ಅದಕ್ಕೊಂದು ಕಾರಣ ಇತ್ತು, ಕಾರಣ ಮುಗಿದಾಗ ಅದೂ ಮುಗಿಯಿತು.

ಆಮೇಲೆ ಒಂದು ಬೇಸಿಗೆಯಲ್ಲಿ ಅತ್ತೆ ಬಿದ್ದು ಸೊಂಟದ ಆಪರೇಷನ್ ಆಯಿತು. ಅದೇ ಹೊತ್ತಿಗೆ ಮದುವೆ ಸೀಸನ್, ಹೊಲಿಯಲು ಕೊಟ್ಟ ಬ್ಲೌಸುಗಳ ರಾಶಿ. ತಲೆನೋವು, ಸಿಡಿಮಿಡಿ, ಅರೆನಿದ್ದೆ. ಇದನ್ನೇ ನಾವು ಟೆನ್ಷನ್ ಅನ್ನುತ್ತೇವೆ, ಅಂದರೆ ಒತ್ತಡ. ಹೊರಗಿನಿಂದ ಹೊರೆ ಬಿದ್ದಿದೆ, ಮೈ ಮನಸ್ಸು ಅದನ್ನು ಹೊರಲು ಹೆಣಗುತ್ತಿವೆ. ಅತ್ತೆ ಎದ್ದು ಓಡಾಡತೊಡಗಿದರು, ಬ್ಲೌಸುಗಳೂ ಮುಗಿದವು. ಕೆಲವೇ ವಾರಗಳಲ್ಲಿ ಅವ್ವ ಮೊದಲಿನಂತಾದಳು.

ಈಗ ಆಗುತ್ತಿರುವುದು ಬೇರೆ. ಮಳೆ ಇಲ್ಲ, ಹೊರೆಯೂ ಇಲ್ಲ. ಆದರೂ ಏಳೆಂಟು ತಿಂಗಳಿನಿಂದ ಹೆಚ್ಚುಕಡಿಮೆ ದಿನಾ ಇದೇ ಪಾಡು. ಮಗಳು ಮುಟ್ಟಿದಳು ಅಂದ ಕೂಡಲೇ ಚಿಂತೆ ಗಂಡನ ಬಿಪಿಗೆ ಹಾರುತ್ತದೆ. ಅಲ್ಲಿಂದ ಸಂಘದ ಸಾಲಕ್ಕೆ, ಅಲ್ಲಿಂದ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬಲ್ಲಿಗೆ. "ಸುಮ್ನೆ ಚಿಂತೆ ಮಾಡ್ತೀನಿ ಅಂತ ನನಗೂ ಗೊತ್ತೈತಿ, ಆದ್ರ ನಿಲ್ಸಾಕ ಆಗವಲ್ದು" ಅನ್ನುತ್ತಾಳೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಮಾತು ಇದೇ. ಚಿಂತೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಅದನ್ನು ಪಕ್ಕಕ್ಕಿಡಲು ಆಗುತ್ತದೋ ಇಲ್ಲವೋ ಅನ್ನುವುದನ್ನು ನೋಡಬೇಕು.

ವೈದ್ಯರು ಇದನ್ನು ಆತಂಕದ ಕಾಯಿಲೆ ಎನ್ನುತ್ತಾರೆ. ಅದರಲ್ಲಿ ಹಲವು ಬಗೆ ಇವೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಹಾರುವ ಚಿಂತೆಯದ್ದು ಒಂದು ಬಗೆ. ಕನಿಷ್ಠ 6 ತಿಂಗಳಿಂದ, ಚಿಂತೆ ಇಲ್ಲದ ದಿನಗಳಿಗಿಂತ ಇರುವ ದಿನಗಳೇ ಜಾಸ್ತಿ ಆಗಿರಬೇಕು. ಜೊತೆಗೆ ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಟ್ಟು, ಕುತ್ತಿಗೆ ಭುಜ ಬಿಗಿಯುವುದು, ನಿದ್ದೆಗೇಡು, ಈ ಆರರಲ್ಲಿ ಮೂರಾದರೂ ಇರಬೇಕು. ಇದರಿಂದ ಕೆಲಸಕ್ಕೋ ಮನೆಯ ಬದುಕಿಗೋ ಪೆಟ್ಟು ಬಿದ್ದಿರಬೇಕು. ನಮ್ಮ ಅವ್ವ ಹೊಲಿಗೆಯ ಅಳತೆ ತಪ್ಪುತ್ತಿದ್ದಾಳೆ, ಊರಿನ ಜಾತ್ರೆಗೂ ಹೋಗಿಲ್ಲ.

ಫೋನ್ ಮಾಡಿದರೆ ಸಮಾಧಾನ ಆಗಬೇಕಲ್ವಾ? ಆಗುತ್ತದೆ, ಆದರೆ ಹತ್ತೇ ನಿಮಿಷ. ಮಗಳ ದನಿ ಕೇಳಿದ ಕೂಡಲೇ ಎದೆ ತಣ್ಣಗಾಗುತ್ತದೆ. ಮಿದುಳು ಆ ಸಮಾಧಾನವನ್ನು ನೆನಪಿಟ್ಟುಕೊಳ್ಳುತ್ತದೆ. "ಭಯ ಬಂತು, ಫೋನ್ ಮಾಡಿದೆ, ಹೋಯಿತು" ಎಂಬ ಪಾಠ ಕಲಿಯುತ್ತದೆ. ಮುಂದಿನ ಸಲ ಸಣ್ಣ ಭಯಕ್ಕೂ ಕೈ ಫೋನಿಗೆ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಫೋನ್ ಮಾಡದಿದ್ದರೂ ಮಗಳು ಸುಖವಾಗಿ ಮುಟ್ಟುತ್ತಾಳೆ ಎಂಬುದನ್ನು ನೋಡುವ ಅವಕಾಶವೇ ಮಿದುಳಿಗೆ ಸಿಗುವುದಿಲ್ಲ. ಹೀಗೆ ಸಮಾಧಾನ ಹುಡುಕುವುದೇ ಆತಂಕಕ್ಕೆ ಮೇವು ಹಾಕುತ್ತದೆ. ಮನೆಯವರು ಪ್ರೀತಿಯಿಂದಲೇ "ಏನೂ ಆಗಲ್ಲ ಬಿಡು" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿದರೂ ಆಗುವುದು ಇದೇ.

ಇನ್ನು ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು? ಆಸ್ಪತ್ರೆಗಳಲ್ಲಿ ಬಳಸುವ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೆಸರು ಜಿಎಡಿ-7. ಕಳೆದ ಎರಡು ವಾರಗಳಲ್ಲಿ ಪ್ರತಿ ತೊಂದರೆ ಎಷ್ಟು ದಿನ ಕಾಡಿತು ಎಂದು ಕೇಳುತ್ತಾರೆ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಡಿಮೆ ದಿನಾ ಅಂದರೆ 3. ಅವ್ವನ ಉತ್ತರ ಹೀಗಿದೆ ಎಂದುಕೊಳ್ಳಿ: ಆತಂಕದ ಭಾವಕ್ಕೆ 2, ಚಿಂತೆ ನಿಲ್ಲಿಸಲಾಗದ್ದಕ್ಕೆ 3, ಬೇರೆ ಬೇರೆ ವಿಷಯಕ್ಕೆ ಅತಿಯಾಗಿ ಚಿಂತಿಸುವುದಕ್ಕೆ 2, ಆರಾಮಾಗಿ ಇರಲು ಆಗದ್ದಕ್ಕೆ 2, ಕೂತಲ್ಲಿ ಕೂರಲಾಗದ್ದಕ್ಕೆ 1, ಸಿಡುಕಿಗೆ 1, ಏನೋ ಕೆಟ್ಟದ್ದು ಆಗುತ್ತದೆಂಬ ಭಯಕ್ಕೆ 2. ಒಟ್ಟು 13. ಪೂರ್ತಿ ಅಂಕ 21. 10 ಅಥವಾ ಹೆಚ್ಚು ಬಂದರೆ ಸರಿಯಾಗಿ ತೋರಿಸಿಕೊಳ್ಳಬೇಕು. ಅಂಕ ಬಂದ ಮಾತ್ರಕ್ಕೆ ಕಾಯಿಲೆ ಎಂದಾಗದು, ಅದನ್ನು ಹೇಳಬೇಕಾದವರು ವೈದ್ಯರು. 6 ತಿಂಗಳು ತುಂಬಲಿ ಎಂದು ಕಾಯುವುದೂ ಬೇಡ.

ನಮ್ಮ ಕಡೆ ಬಹಳ ಮಂದಿ ಮೊದಲು ಹೋಗುವುದು ಓಣಿಯ ಡಾಕ್ಟರ್ ಹತ್ತಿರ. "ಎದೆ ಡವಡವ, ಹೊಟ್ಟೆಯಲ್ಲಿ ಕಸಿವಿಸಿ" ಎಂದಷ್ಟೇ ಹೇಳುತ್ತಾರೆ. ಇಸಿಜಿ ಸರಿಯಾಗಿರುತ್ತದೆ, ಗ್ಯಾಸಿನ ಗುಳಿಗೆ ಸಿಗುತ್ತದೆ. ಚಿಂತೆಯ ಮಾತನ್ನು ಯಾರೂ ಎತ್ತುವುದಿಲ್ಲ. ಹಾಗಾಗಿ ಎಷ್ಟು ತಿಂಗಳಾಯಿತು, ದಿನಕ್ಕೆ ಎಷ್ಟು ಹೊತ್ತು, ಯಾವ ಕೆಲಸ ಕೆಟ್ಟಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ಆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊಸದಾಗಿ ಎದೆನೋವು ಬಂದರೆ ಮಾತ್ರ "ಇದು ಟೆನ್ಷನ್" ಎಂದು ನೀವೇ ತೀರ್ಮಾನಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆಯಲ್ಲಿ ಮಾತು, ಗುಳಿಗೆ ಎರಡೂ ಇವೆ. ಮಾತಿನ ಚಿಕಿತ್ಸೆ ಬರೀ ಧೈರ್ಯ ಹೇಳುವುದಲ್ಲ. ಅವ್ವನಿಗೆ ಮೊದಲ ವಾರ ಮೂರು ಫೋನನ್ನು ಎರಡು ಮಾಡಲು ಹೇಳಬಹುದು. ಫೋನ್ ಮಾಡುವ ಮನಸ್ಸಾದಾಗ ನೋಟ್‌ಬುಕ್ಕಿನಲ್ಲಿ "ಬಸ್ಸಿಗೆ ಏನೋ ಆಗಿದೆ" ಎಂದು ಬರೆದು ಹದಿನೈದು ನಿಮಿಷ ಕಾಯಬೇಕು. ಸಂಜೆ ಅದರ ಮುಂದೆ ನಿಜಕ್ಕೂ ಏನಾಯಿತು ಎಂದು ಬರೆಯಬೇಕು. ಕೆಲವು ವಾರಗಳಲ್ಲಿ ಅವಳದೇ ಅಕ್ಷರದಲ್ಲಿ ಅವಳಿಗೆ ಪುರಾವೆ ಸಿಗುತ್ತದೆ. ಕಾಯುವ ಆ ಹದಿನೈದು ನಿಮಿಷ ಮೊದಮೊದಲು ತುಂಬಾ ಕಷ್ಟ. ಮನೆಯವರು ಆಗ ಪಕ್ಕದಲ್ಲಿ ಕೂರಬೇಕು.

ಗುಳಿಗೆ ಬೇಕಾದರೆ ಸಾಮಾನ್ಯವಾಗಿ ಕಡಿಮೆ ಡೋಸಿನಿಂದ ಶುರುಮಾಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು. ಮೊದಲ ಒಂದೆರಡು ವಾರ ಚಡಪಡಿಕೆ ಸ್ವಲ್ಪ ಹೆಚ್ಚಾಗಬಹುದು. ಬಹಳ ಜನ ಬಿಟ್ಟುಬಿಡುವುದು ಅಲ್ಲೇ. ತೊಂದರೆ ಅನಿಸಿದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಇವು ಚಟ ಹಿಡಿಸುವ ಗುಳಿಗೆಗಳಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಕೊಳ್ಳುವ, ಅರ್ಧ ಗಂಟೆಯಲ್ಲಿ ಮಂಪರು ಬರಿಸುವ ಗುಳಿಗೆಗಳೇ ಬೇರೆ. ಚಟ ಹತ್ತುವುದು ಅವುಗಳಿಂದ.

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಹೇಳಿದರೆ ಈಗಲೂ ಕೆಲವರು ತಲೆ ತಗ್ಗಿಸುತ್ತಾರೆ. ನನಗೆ ಇದು ನೋವಿನ ಸಂಗತಿ. ಆತಂಕಕ್ಕೆ ತೋರಿಸಲು ಬಂದವರಲ್ಲಿ ಬಹುತೇಕರು ಚೀಟಿ ಮಾಡಿಸಿ, ಡಾಕ್ಟರನ್ನು ಕಂಡು, ಸಂಜೆಯೊಳಗೆ ಮನೆಗೆ ಹೋಗುತ್ತಾರೆ. ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ದೊಡ್ಡಾಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕೇಳಬಹುದು. ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ-ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗಾಗಿ ಕುಡಿಯುವುದು ಶುರುವಾಗಿದ್ದರೆ, ಮನೆಯಿಂದ ಹೊರಗೆ ಕಾಲಿಡಲು ಆಗದಿದ್ದರೆ, ಅಂಕ ಗಿಂಕ ನೋಡುತ್ತ ಕೂರಬೇಡಿ, ಆ ವಾರವೇ ಹೋಗಿ. "ಸತ್ತರೆ ಸಾಕು" ಎಂಬ ಮಾತು ಬಂದಿದ್ದರೆ ಅವತ್ತೇ ಹೋಗಬೇಕು, ಅಲ್ಲಿಯವರೆಗೆ ಅವರನ್ನು ಒಬ್ಬರನ್ನೇ ಬಿಡಬೇಡಿ.