ರಾತ್ರಿ ಸ್ವಿಚ್ ಆಫ್, ಬೆಳಿಗ್ಗೆ 2009

ಯಾದಗಿರಿಯ ಒಂದು ಝೆರಾಕ್ಸ್ ಅಂಗಡಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ `CMOS Checksum Bad` ಅಂತ ಬರುತ್ತದೆ. F1 ಒತ್ತಿದರೆ ವಿಂಡೋಸ್ ಏನೋ ತೆರೆದುಕೊಳ್ಳುತ್ತದೆ, ಆದರೆ ತಾರೀಖು 2009ರ ಜನವರಿ 1. ಪಹಣಿ ತೆಗೆಯೋಣ ಅಂದರೆ ವೆಬ್‌ಸೈಟ್ ತೆರೆಯೋದಿಲ್ಲ. ಅದರ ಭದ್ರತಾ ಸರ್ಟಿಫಿಕೇಟ್‌ನ ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿದುಕೊಳ್ಳುತ್ತದೆ.

"ವಿಂಡೋಸ್ ಮತ್ತೆ ಹಾಕಬೇಕೇನ್ರಿ?" ಅಂತ ಅಂಗಡಿಯವರು ಕೇಳಿದರು. ಬೇಡ. ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಖಾಲಿಯಾಗಿದೆ, ಅಷ್ಟೇ.

ಬೋರ್ಡಿನಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಹರಳಿದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿ ನೋಡಿ, ಸರಿಯಾಗಿ 1 ಉಳಿಯುತ್ತದೆ. ಗಡಿಯಾರ ಸೆಕೆಂಡು ಎಣಿಸೋದು ಹೀಗೆ. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ, ಈ ಗಡಿಯಾರಕ್ಕೆ ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದಲೇ ಕರೆಂಟ್ ಸಿಗುತ್ತದೆ. ಸ್ವಿಚ್ ಆಫ್ ಮಾಡಿದಾಗ, ಇಲ್ಲವೇ ಕರೆಂಟ್ ಹೋದಾಗ ಮಾತ್ರ ಸೆಲ್‌ನ ಪಾಳಿ. 220 ಮಿಲಿಆಂಪ್-ಅವರ್‌ನ ಸೆಲ್‌ನಿಂದ ಗಡಿಯಾರ 5 ಮೈಕ್ರೋಆಂಪ್ ಎಳೆದರೆ 44,000 ಗಂಟೆ, ಅಂದರೆ ಸುಮಾರು 5 ವರ್ಷ. ನಮ್ಮ ಕಡೆಯ ಬೇಸಿಗೆಯ ಕಾವಿಗೆ ಸೆಲ್ ಸುಮ್ನೆ ಇದ್ದರೂ ಸ್ವಲ್ಪ ಜಾಸ್ತಿಯೇ ಸೋರುತ್ತದೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಒಂದು ರಾತ್ರಿ ಟೈಮ್ ಸರಿಪಡಿಸಿ ಶಟ್‌ಡೌನ್ ಮಾಡಿ, ಸ್ವಿಚ್ ಆನ್ ಬಿಡಿ. ಮಧ್ಯೆ ಕರೆಂಟ್ ಹೋಗದೆ ಬೆಳಿಗ್ಗೆ ಟೈಮ್ ಸರಿ ಇದ್ದರೆ ತಪ್ಪು ಸೆಲ್‌ನದೇ. ಮಲ್ಟಿಮೀಟರ್‌ನಲ್ಲಿ ಹೊಸ ಸೆಲ್ 3 ವೋಲ್ಟ್‌ಗಿಂತ ಮೇಲೆ ತೋರಿಸುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಿಸಿ.

ಬಿಚ್ಚುವ ಮೊದಲು ಒಂದು ಕೆಲಸ ಇದೆ, ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಕಂಪ್ಯೂಟರ್ ಸರಿಯಾಗಿ ನಡೆಯುತ್ತಿದ್ದಾಗಲೇ ಬೋರ್ಡಿನ ಸೆಟ್ಟಿಂಗ್ ಪರದೆಯಾದ BIOS ಒಳಗೆ ಹೋಗಿ ಸೆಟ್ಟಿಂಗ್‌ಗಳ ಫೋಟೊ ತೆಗೆದುಕೊಳ್ಳಿ, ಮುಖ್ಯವಾಗಿ ಬೋರ್ಡು ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ ಹೇಳುವ `SATA Mode`. ಸೆಲ್ ತೆಗೆದ ಮೇಲೆ ಅದು `AHCI`ಯಿಂದ `IDE`ಗೆ ಜಾರಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಹಾರ್ಡ್ ಡಿಸ್ಕ್ ಕೆಟ್ಟಿತು ಅಂತ ಹೊಸದು ಕೊಂಡವರೂ ಇದ್ದಾರೆ! ಹೊಸ ಬೋರ್ಡುಗಳಲ್ಲಿ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತವೆ, ಅಲ್ಲಿ ಹೋಗೋದು ಟೈಮ್ ಮಾತ್ರ.

ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ. ಸೆಲ್ ಪಕ್ಕದ ಕ್ಲಿಪ್ ಒತ್ತಿದರೆ ಅದು ತಾನೇ ಮೇಲೇಳುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಹೋಲ್ಡರ್ ಮುರಿಯುತ್ತದೆ. ಅಂಗಡಿಯಲ್ಲಿ CR2032 ಅಂತಲೇ ಕೇಳಿ. CR2025 ನೋಡೋಕೆ ಹಾಗೇ ಇದ್ದರೂ 0.7 ಮಿಲಿಮೀಟರ್ ತೆಳು, ಸಡಿಲವಾಗಿ ಕೂತು ಮತ್ತೆ ಅದೇ ಕಾಟ. ಅಕ್ಷರ ಇರುವ + ಬದಿ ಮೇಲೆ ಬರಲಿ. ಹಳೇ ಸೆಲ್ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಇನ್ನು, ಟೈಮ್ ಸರಿಯಾಗಿ ಐದೂವರೆ ಗಂಟೆ ಆಚೀಚೆ ಆಗುತ್ತಿದ್ದರೆ ಸೆಲ್ ಮುಟ್ಟಲೇಬೇಡಿ. ಅದು ಟೈಮ್ ಝೋನ್ ತಪ್ಪು, ಇಲ್ಲವೇ ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆ ಲಿನಕ್ಸ್ ಕೂಡ ಇದ್ದು, ಎರಡೂ ಬೋರ್ಡಿನ ಗಡಿಯಾರವನ್ನು ಬೇರೆ ಬೇರೆ ರೀತಿ ಓದುತ್ತಿವೆ.