ಕಣ್ಣು ಮರಳುವ ತನಕ ಕಾಯಬೇಕು

ರೈಲ್ವೆ ಗೇಟು ಕಾದು ನಿವೃತ್ತರಾದ ಒಬ್ಬರು ಸಂದರ್ಶನಕ್ಕಾಗಿ ಕ್ಯಾಮೆರಾ ಮುಂದೆ ಕುಳಿತಿದ್ದಾರೆ ಎಂದುಕೊಳ್ಳಿ. ಮಿತಭಾಷಿ. ‘ರಾತ್ರಿ ಪಾಳಿ ಕಷ್ಟವಾಗಿತ್ತೇ?’ ಎಂದು ಕೇಳಿದರೆ ‘ಹೌದು, ಕಷ್ಟವೇ’ ಎಂದು ಸುಮ್ಮನಾಗುತ್ತಾರೆ. ಇದಕ್ಕೆ ಅವರ ಸಂಕೋಚವನ್ನು ದೂರಿ ಫಲವಿಲ್ಲ. ಉತ್ತರವನ್ನು ಪ್ರಶ್ನೆಯೇ ಹೊತ್ತು ತಂದಿತ್ತು, ಅವರಿಗೆ ಉಳಿದದ್ದು ತಲೆಯಾಡಿಸುವ ಕೆಲಸ ಮಾತ್ರ. ಸಂಕಲನದಲ್ಲಿ ನಮ್ಮ ಪ್ರಶ್ನೆಯನ್ನು ಕತ್ತರಿಸಿದ ಮೇಲೆ ಆ ‘ಹೌದು’ ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ.

‘ನಿಮಗೆ ಹೇಗನಿಸಿತು?’ ಎಂಬುದೂ ಅಂಥ ಉತ್ತಮ ಪ್ರಶ್ನೆಯೇನಲ್ಲ. ಇಡೀ ಬದುಕಿನ ಸಾರವನ್ನು ಒಂದೇ ಉಸಿರಿಗೆ ಹೇಳಿ ಎಂದಂತಾಗುತ್ತದೆ. ಬದಲಿಗೆ, ‘ಕತ್ತಲಾದ ಮೇಲೆ ಗೇಟಿಗೆ ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದಿರಿ? ಅಲ್ಲಿಂದ ಶುರು ಮಾಡಿ’ ಎಂದು ಕೇಳಿ ನೋಡಿ. ಈಗ ಅಭಿಪ್ರಾಯ ಹುಡುಕಬೇಕಿಲ್ಲ, ಮಾಡಿದ್ದನ್ನು ನೆನೆದರೆ ಸಾಕು. ‘ಬಂದ ಕೂಡಲೇ ದೀಪದ ಗಾಜು ಒರೆಸುತ್ತಿದ್ದೆ’ ಎಂದು ಅವರು ಶುರು ಮಾಡಿದರೆ, ಆ ವಾಕ್ಯ ಪ್ರಶ್ನೆಯ ಆಸರೆಯಿಲ್ಲದೆಯೂ ನಿಲ್ಲುತ್ತದೆ. ‘ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರಿಸಿ’ ಎಂದು ಮೊದಲೇ ಹೇಳಿಕೊಡುವ ರೂಢಿ ಹಲವರಲ್ಲಿದೆ. ನಾಚಿಕೆಯವರ ವಿಷಯದಲ್ಲಿ ನನಗದು ಹಿಡಿಸುವುದಿಲ್ಲ. ಪಾಠ ಒಪ್ಪಿಸುವ ಹುಡುಗನಂತೆ ಬಿಗಿದುಕೊಳ್ಳುತ್ತಾರೆ.

ಇನ್ನು ಕಣ್ಣು. ಲೆನ್ಸನ್ನೇ ನೋಡಿ ಎನ್ನುವುದು ಗಾಜಿನ ಜೊತೆ ಮಾತಾಡಿ ಎಂದಂತೆ. ಪ್ರಶ್ನಿಸುವವರು ಲೆನ್ಸಿಗೆ ಆದಷ್ಟು ಒತ್ತಿಕೊಂಡು, ಕಣ್ಣು ಲೆನ್ಸಿನ ಎತ್ತರಕ್ಕೇ ಬರುವಂತೆ ಕೂರಬೇಕು. ದೂರ ಸರಿದರೆ ಮಾನಿಟರ್‌ನಲ್ಲಿ ಉತ್ತರಿಸುವವರ ಒಂದು ಕೆನ್ನೆ, ಒಂದು ಕಿವಿ ಎದ್ದು ಕಾಣತೊಡಗುತ್ತದೆ, ಆಚೆಯ ಕಣ್ಣು ಮರೆಯಾಗುತ್ತದೆ. ಪ್ರಶ್ನಿಸುವವರ ಬೆನ್ನ ಹಿಂದೆ ಸಹಾಯಕರು ಓಡಾಡುತ್ತಿದ್ದರೆ ಉತ್ತರಿಸುವವರ ನೋಟ ಹಾರಾಡುತ್ತದೆ. ನೋಡುಗರಿಗೆ ಅದು ಏನೋ ಮುಚ್ಚಿಡುವವರ ಚಡಪಡಿಕೆಯಂತೆ ಕಾಣುತ್ತದೆ.

ಆದರೆ ಅವರು ಆಗಾಗ ಗೋಡೆಯತ್ತಲೋ ನೆಲದತ್ತಲೋ ನೋಡಿದರೆ ತಡೆಯಬೇಡಿ. ನೆನಪು ಕೆದಕುವಾಗ ಎದುರಿನವರ ಮುಖದಿಂದ ನೋಟ ಬೇರೆಡೆ ಹೊರಳುವುದು ಸಹಜ. ಸಂಭಾಷಣೆಯಲ್ಲಿ ನೋಟದ ಪಾತ್ರವನ್ನು 1967ರಲ್ಲಿ ವಿವರಿಸಿದ ಸಂಶೋಧಕ ಆಡಮ್ ಕೆಂಡನ್, ಮಾತು ಆರಂಭಿಸುವವರು ಕಣ್ಣು ತಪ್ಪಿಸುವುದನ್ನೂ ಮಾತು ಮುಗಿಯುತ್ತಿದ್ದಂತೆ ಕೇಳುಗನತ್ತ ಮರಳಿ ನೋಡುವುದನ್ನೂ ಗುರುತಿಸಿದ್ದರು. ಎಲ್ಲರೂ ಹೀಗೇ ಎನ್ನಲಾಗದು, ಆದರೂ ಕೈಗೆಟುಕುವ ಸುಳಿವು ಇದು.

ಹಾಗಾಗಿ ವಾಕ್ಯ ನಿಂತರೂ ಕಣ್ಣು ನೆಲದಲ್ಲಿದ್ದರೆ ಮುಂದಿನ ಪ್ರಶ್ನೆ ಬಾಯಿಗೆ ಬರಬಾರದು. ತರಗತಿಗಳನ್ನು ಗಮನಿಸಿದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆಂದೂ ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆಂದೂ ಕಂಡುಕೊಂಡಿದ್ದರು. ಕ್ಯಾಮೆರಾ ಎದುರೂ ನಾನು ಅದೇ ಲೆಕ್ಕ ಇಟ್ಟುಕೊಳ್ಳುತ್ತೇನೆ. ‘ಹೂಂ’ ಎನ್ನುವಂತೆಯೂ ಇಲ್ಲ, ಅವರ ಮಾತಿನ ಮೇಲೆ ನಮ್ಮ ದನಿ ಬಿದ್ದರೆ ಬಿಡಿಸುವುದು ಕಷ್ಟ. ತಲೆದೂಗಿದರೆ ಸಾಕು. ದುಃಖದ ಸಂಗತಿಯಾದರೆ ಮಾತ್ರ ಇದೇ ಮೌನ ವಿಚಾರಣೆಯಂತೆ ಚುಚ್ಚಬಹುದು. ಆಗ ‘ಇಲ್ಲಿಗೆ ನಿಲ್ಲಿಸೋಣವೇ?’ ಎಂದು ಕೇಳುವುದು ಸರಿ.

ನಮ್ಮ ಗೇಟ್‌ಕೀಪರ್ ಗಾಜು ಒರೆಸಿ ಮುಗಿಸಿದ್ದಾರೆ. ಕಣ್ಣು ಇನ್ನೂ ನೆಲದಲ್ಲಿದೆ. ಒಂದು, ಎರಡು, ಮೂರು. ‘ಒಂದು ರಾತ್ರಿ ಆ ದೀಪ ಆರಿಹೋಯಿತು...’