ಮೂರನೇ ಗಂಟೆಯಲ್ಲಿ ಕಾಲು ಹಿಡಿದುಕೊಂಡಾಗ

ಡಯಾಲಿಸಿಸ್‌ನಲ್ಲಿ ಮೊದಲೆರಡು ಗಂಟೆ ಸಾಮಾನ್ಯವಾಗಿ ಸದ್ದಿಲ್ಲದೆ ಕಳೆಯುತ್ತದೆ. ಕಷ್ಟ ಶುರುವಾಗುವುದು ಹೆಚ್ಚಾಗಿ ಮೂರನೇ ಗಂಟೆಯಿಂದ. ನಾನು ನೋಡುವ ಒಬ್ಬ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ಒಂದು ಸೋಮವಾರ ಎರಡು ಮುಕ್ಕಾಲು ಗಂಟೆ ಆದ ಮೇಲೆ ಅವರು ಮೇಲಿಂದ ಮೇಲೆ ಆಕಳಿಸತೊಡಗಿದರು. ನಿದ್ದೆ ಬಂದಿರಬೇಕು ಅಂದುಕೊಂಡರು ಮಗಳು. ಐದು ನಿಮಿಷಕ್ಕೆ ಹಣೆಯಲ್ಲಿ ಬೆವರು, ಆಮೇಲೆ "ಡಾಕ್ಟ್ರೇ, ಕಾಲು!" ಅಂತ ಕೂಗು. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು. ಶುರುವಿನಲ್ಲಿ 150/90 ಇದ್ದ ಬಿಪಿ 88/50ಕ್ಕೆ ಇಳಿದಿತ್ತು.

ಟೆಕ್ನಿಷಿಯನ್ ಮೊದಲು ಮಾಡಿದ್ದು ನೀರು ತೆಗೆಯುವುದನ್ನು ನಿಲ್ಲಿಸಿದ್ದು. ಕಾಲಿನ ಕಡೆ ಹಾಸಿಗೆ ಎತ್ತಿ, 200 ಮಿ.ಲೀ. ಸಲೈನ್ ಕೊಟ್ಟು, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಬಾಗಿಸಿ ಹಿಡಿದರು. ಹತ್ತು ನಿಮಿಷದಲ್ಲಿ ಸರಿಹೋಯಿತು. ಆಕಳಿಸಿದಾಗಲೇ ಬಿಪಿ ನೋಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಯಾಕೆ ಹೀಗಾಯ್ತು? ಅವರ ಡ್ರೈ ವೆಯ್ಟ್, ಅಂದರೆ ಹೆಚ್ಚುವರಿ ನೀರಿಲ್ಲದ ತೂಕ, 58 ಕೆಜಿ. ಅವತ್ತು ಬಂದಾಗ 61.6. ಭಾನುವಾರ ನೆಂಟರ ಮನೆ ಗೃಹಪ್ರವೇಶ. ಒಟ್ಟು 3.6 ಲೀಟರ್ ನೀರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕು. ಆದರೆ ಯಂತ್ರ ನೀರು ತೆಗೆಯುವುದು ರಕ್ತದಿಂದ ಮಾತ್ರ. ಅವರ ಮೈಯಲ್ಲಿರುವ ರಕ್ತದ ನೀರಿನ ಭಾಗವೇ ಹೆಚ್ಚೆಂದರೆ ಮೂರು ಲೀಟರ್ ಆಸುಪಾಸು. ಉಳಿದ ನೀರು ಕಾಲಿನ ಬಾವಿನಲ್ಲಿ, ಚರ್ಮದಡಿಯಲ್ಲಿ ಕೂತಿರುತ್ತದೆ. ಅದು ನಿಧಾನವಾಗಿ ಜಿನುಗಿ ರಕ್ತಕ್ಕೆ ಬರಬೇಕು.

ಬೇಸಿಗೆಯಲ್ಲಿ ತೆರೆದ ಬಾವಿಗೆ ದೊಡ್ಡ ಮೋಟಾರ್ ಇಟ್ಟ ಹಾಗೆ ಇದು. ಸುತ್ತಲಿನ ಮಣ್ಣಿನಲ್ಲಿ ನೀರಿದ್ದರೂ ಸೆಲೆ ಬರುವುದಕ್ಕಿಂತ ಬೇಗ ಎಳೆದರೆ ಬಾವಿ ತಳ ಕಾಣುತ್ತದೆ. ರಕ್ತನಾಳದಲ್ಲಿ ನೀರು ಕಮ್ಮಿಯಾದಾಗ ಬಿಪಿ ಇಳಿಯುತ್ತದೆ. ಮಿದುಳು, ಹೃದಯಕ್ಕೆ ರಕ್ತ ಉಳಿಸಲು ದೇಹ ಕಾಲಿನ ಸ್ನಾಯುಗಳ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ರಕ್ತ ಸಾಲದೆ ಸ್ನಾಯು ಹಿಡಿದುಕೊಳ್ಳುತ್ತದೆ. ಹಳೆಯ ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳು ಸೋತಿರುವುದರಿಂದ ನಾಳಗಳು ಬೇಕಾದಾಗ ಬಿಗಿಯಾಗುವುದಿಲ್ಲ, ಅವರ ಬಿಪಿ ಇನ್ನೂ ಬೇಗ ಬೀಳುತ್ತದೆ.

ಹಾಗಾಗಿ ನಾವು ನೋಡುವುದು ವೇಗವನ್ನು. ಗಂಟೆಗೆ, ಪ್ರತಿ ಕೆಜಿ ತೂಕಕ್ಕೆ 13 ಮಿ.ಲೀ. ದಾಟದಿದ್ದರೆ ಒಳ್ಳೆಯದು. ಈ ಅಮ್ಮನದು ಗಂಟೆಗೆ 900 ಮಿ.ಲೀ., ಅಂದರೆ ಕೆಜಿಗೆ 15.5. ಅದೇ ನೀರನ್ನು ಐದು ಗಂಟೆಯಲ್ಲಿ ತೆಗೆದರೆ 12.4ಕ್ಕೆ ಇಳಿಯುತ್ತದೆ. ಮುಂದಿನ ಪಾಳಿಯವರು ಬಾಗಿಲಲ್ಲಿ ಕಾಯುವಾಗ ಒಂದು ಗಂಟೆ ಹೆಚ್ಚು ಕೊಡುವುದು ನಮಗೂ ಕಷ್ಟ, ಒಪ್ಪುತ್ತೇನೆ. ಆದರೂ ಆ ಒಂದು ಗಂಟೆ ಕೊಡಿ ಅಂತ ಕೇಳಿ.

ಮನೆಯಲ್ಲಿ ಮಾಡಬೇಕಾದ್ದು ಉಪ್ಪು ಕಮ್ಮಿ ಮಾಡುವುದು. ಎಲ್ಲರೂ ನೀರು ಕುಡಿಯಬೇಡಿ ಅಂತ ಬೈಯುತ್ತಾರೆ, ಉಪ್ಪಿನ ವಿಷಯ ಎತ್ತುವುದೇ ಇಲ್ಲ. ಒಂದು ಲೀಟರ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿದೆ, ಸುಮಾರು ಒಂದೂವರೆ ಟೀ ಚಮಚ. ಅಷ್ಟು ಉಪ್ಪು ತಿಂದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಕುಡಿಸಿಯೇ ಬಿಡುತ್ತದೆ. ಗೃಹಪ್ರವೇಶದ ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ ತಿಂದು ಬಾಯಾರಿಕೆ ತಡೆಯಿರಿ ಅಂದರೆ ಯಾರಿಗೆ ಸಾಧ್ಯ?

ಇನ್ನೊಂದು, ಕಾಲು ಸೆಳೆತಕ್ಕೆ ಬಾಳೆಹಣ್ಣು, ಎಳನೀರು ಕೊಡಿ ಅನ್ನುವ ನೆಂಟರ ಸಲಹೆ. ಡಯಾಲಿಸಿಸ್‌ನವರಿಗೆ ದಯವಿಟ್ಟು ಬೇಡ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು.

ಈ ಅಮ್ಮನಿಗೆ ಇನ್ನೂ ಮೂರು ಬದಲಾವಣೆ ಮಾಡಿದೆವು. ಬೆಳಿಗ್ಗೆಯ ಬಿಪಿ ಮಾತ್ರೆಯನ್ನು ಡಯಾಲಿಸಿಸ್ ಮುಗಿದ ಮೇಲೆ ತೆಗೆದುಕೊಳ್ಳಲು ಹೇಳಿದೆ. (ಎಲ್ಲ ಮಾತ್ರೆಗಳಿಗೂ ಇದು ಹೊಂದುವುದಿಲ್ಲ, ಸುಮ್ನೆ ನೀವೇ ನಿಲ್ಲಿಸಬೇಡಿ.) ಯಂತ್ರದ ದ್ರವದ ತಾಪಮಾನವನ್ನು 37ರಿಂದ 36 ಡಿಗ್ರಿಗೆ ಇಳಿಸಿದೆವು. ತಂಪಿಗೆ ರಕ್ತನಾಳ ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಚಳಿಯಾಗುತ್ತದೆ ಅಂದರು, ಕಂಬಳಿ ತರಿಸಿದೆವು. ಮಧ್ಯದಲ್ಲಿ ತಿನ್ನುತ್ತಿದ್ದ ಇಡ್ಲಿಯನ್ನು ಎರಡು ಗಂಟೆ ಮೊದಲೇ ಮನೆಯಲ್ಲಿ ತಿನ್ನಿಸಿದೆವು. ಊಟವಾದ ಕೂಡಲೇ ರಕ್ತ ಹೊಟ್ಟೆಯ ಕಡೆ ಹರಿಯುತ್ತದಲ್ವಾ, ಅದಕ್ಕೆ.

ಎರಡು ತಿಂಗಳು ಚೆನ್ನಾಗಿದ್ದರು. ಆಮೇಲೆ ಎರಡೇ ಕೆಜಿ ನೀರಿನೊಂದಿಗೆ ಬಂದರೂ ಕಾಲು ಹಿಡಿಯತೊಡಗಿತು, ಮನೆಗೆ ಹೋದ ಮೇಲೆ ರಾತ್ರಿಯೂ. ಪಾದದಲ್ಲಿ ಬಾವಿಲ್ಲ, ಮಲಗಿದರೆ ಉಸಿರಿನ ತೊಂದರೆ ಇಲ್ಲ. ಮಗಳನ್ನು ಕೇಳಿದೆ. "ಈಗ ಚೆನ್ನಾಗಿ ಊಟ ಮಾಡ್ತಾರೆ, ರವಿಕೆ ಬಿಗಿಯಾಗಿದೆ" ಅಂದಳು. ಮೈಗೆ ಮಾಂಸ ಹತ್ತಿತ್ತು. ನಾವು ಮಾತ್ರ ಹಳೆಯ 58ಕ್ಕೇ ಇಳಿಸುತ್ತಾ, ಇಲ್ಲದ ನೀರನ್ನು ಹಿಂಡುತ್ತಿದ್ದೆವು. ಅರ್ಧ ಅರ್ಧ ಕೆಜಿ ಏರಿಸುತ್ತಾ 59ಕ್ಕೆ ತಂದಾಗ ಸೆಳೆತ ನಿಂತಿತು. ಈಗ ಪ್ರತಿ ತಿಂಗಳು ಅವರ ರವಿಕೆಯ ವಿಷಯವನ್ನೂ ವಿಚಾರಿಸುತ್ತೇನೆ.